ವಂಕಿ ತೆಗೆಸಿದ ಮೇಲೆ ದಿನ ಎಣಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಆಶಾ ಅಕ್ಕಂದಿರು, ನರ್ಸ್‌ಗಳೇ ಹೆಚ್ಚು ಇದ್ದೀರಿ. ವಂಕಿ ಅಂದರೆ ತೋಳಿಗೆ ಹಾಕೋ ಒಡವೆಯಲ್ಲ, ಗರ್ಭ ನಿಲ್ಲದ ಹಾಗೆ ಗರ್ಭಕೋಶದೊಳಗೆ ಇಡೋ ಸಾಧನ ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಕೋದನ್ನು ಎಲ್ಲರೂ ಹೇಳಿಕೊಡ್ತಾರೆ. ತೆಗೆಸಿದ ಮೇಲೆ ಆಗೋ ಬ್ಲೀಡಿಂಗ್ ಬಗ್ಗೆ ಮಾತ್ರ "ಸರಿಹೋಗುತ್ತೆ ಬಿಡಮ್ಮ" ಅಂದು ಕಳಿಸ್ತೇವೆ. ಆದ್ದರಿಂದ ಇವತ್ತು ಅದೊಂದೇ ವಿಷಯ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂವತ್ತೊಂಬತ್ತು ವರ್ಷದ ಹೆಂಗಸು. ಮುಟ್ಟು ವಿಪರೀತ ಹೋಗ್ತಿತ್ತು ಅಂತ 5 ವರ್ಷದ ಹಿಂದೆ ಹಾರ್ಮೋನ್ ವಂಕಿ ಹಾಕಿಸಿದ್ದರು. ಕೊನೆಯ ಎರಡು ವರ್ಷ ಮುಟ್ಟೇ ಇಲ್ಲ, ಬರೀ ಕಲೆ. ಮಾರ್ಚ್ 3ಕ್ಕೆ ತೆಗೆಸಿದರು. 6ನೇ ತಾರೀಖು ಬ್ಲೀಡಿಂಗ್ ಶುರುವಾಗಿ ನಾಲ್ಕು ದಿನ ಇತ್ತು. 24ಕ್ಕೆ ಎರಡು ದಿನ ಕಂದು ಕಲೆ. ಏಪ್ರಿಲ್ 11ಕ್ಕೆ ಏಳು ದಿನ, ಗೆಡ್ಡೆ ಗೆಡ್ಡೆಯಾಗಿ. ಬಂದು ಹೇಳೋದು: "ಹದಿನೆಂಟು ದಿನಕ್ಕೊಂದು ಸಲ ಮುಟ್ಟಾಗ್ತಿದೆ ಮೇಡಂ." ಲೆಕ್ಕ ಮಾಡಿ, ಅವರು ಹೇಳಿದ್ದು ಸರಿಯಾಗೇ ಇದೆ! ಎಣಿಕೆ ಸರಿ, ಆದರೆ ಎಣಿಸಿದ್ದು ಮೂರೂ ಬೇರೆ ಬೇರೆ ವಸ್ತು.

ಹಾರ್ಮೋನ್ ವಂಕಿ ಗರ್ಭಕೋಶದ ಒಳಪದರವನ್ನು ತೆಳ್ಳಗೆ ಮಾಡಿ ಇಟ್ಟಿರುತ್ತೆ. ಅದನ್ನು ತೆಗೆದ ಕೂಡಲೇ ಅದರೊಳಗಿನ ಹಾರ್ಮೋನ್ ಲೆವೊನೊರ್ಜೆಸ್ಟ್ರೆಲ್ ಸರಬರಾಜು ನಿಂತು, ಇದ್ದಷ್ಟು ಪದರ ಆಸರೆ ಕಳಕೊಂಡು ಉದುರುತ್ತೆ. 6ನೇ ತಾರೀಖಿನದು ಅದು, ಮುಟ್ಟಲ್ಲ. ಆಮೇಲೆ ಪದರ ಮತ್ತೆ ಬೆಳೆಯಬೇಕು; ಮೊದಲ ಸಲ ಎಲ್ಲಾ ಕಡೆ ಸಮ ಬೆಳೆಯದೆ ಅಲ್ಲಲ್ಲಿ ಉದುರಬಹುದು. 24ರ ಕಲೆಗೆ ಇದು ಕಾರಣವಾಗಿರಬಹುದು. ಏಪ್ರಿಲ್ 11ರದು ನಿಜವಾದ ಮೊದಲ ಮುಟ್ಟು. ಕ್ಯಾಲೆಂಡರಿನಲ್ಲಿ ಗುರುತು ಹಾಕೋದು ಅಲ್ಲಿಂದ. ಹೀಗೆ ಒಂದರಿಂದ ಮೂರು ತಿಂಗಳು ಹೆಚ್ಚು ಕಡಿಮೆ ಆಗೋದು ಸಾಮಾನ್ಯ.

ಆದರೆ 24ನೇ ತಾರೀಖು ಕಲೆ ಅಂತ ಬಂದಾಗ ಈ ವಿವರಣೆ ಕೊಟ್ಟು ಕಳಿಸಬಾರದು. ಮೊದಲು ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು, ಹಾಗಾಗಿ ತೆಗೆಸುವ ಹಿಂದಿನ ವಾರ ಕೂಡಿದ್ದರೂ ಗರ್ಭ ನಿಲ್ಲಬಹುದು. ಅದಕ್ಕೇ ಮಗು ಬೇಡ ಅನ್ನೋರಿಗೆ ತೆಗೆಸುವ ಏಳು ದಿನ ಮುಂಚಿನಿಂದಲೇ ಕಾಂಡೋಮ್ ಹೇಳಬೇಕು. ಕೊನೇ ಸಲ ಕಾಂಡೋಮ್ ಇಲ್ಲದೆ ಕೂಡಿ 21 ದಿನ ಆದಮೇಲಿನ ಟೆಸ್ಟನ್ನು ನಂಬಬಹುದು. ಅದಕ್ಕೂ ಮುಂಚೆ 'ಇಲ್ಲ' ಅಂತ ಬಂದರೆ ಮತ್ತೊಮ್ಮೆ ಮಾಡಿ. ಟೆಸ್ಟ್ ಪಾಸಿಟಿವ್, ಜೊತೆಗೆ ಒಂದೇ ಪಕ್ಕಕ್ಕೆ ಹೊಟ್ಟೆನೋವು, ತಲೆಸುತ್ತು ಇದ್ದರೆ ನಾಳೆ ಅನ್ನಬೇಡಿ, ಗರ್ಭ ನಾಳದಲ್ಲಿ ಕೂತಿರಬಹುದು.

ಇನ್ನು ಕಾಪರ್ ಟಿ. ನಾನು ಎಲ್ಲಿ ಹೋದರೂ ಇದನ್ನೇ ಹೇಳ್ತೀನಿ, ಬೇಜಾರಾದರೂ ಕೇಳಿ: ಮೊದಲ ಪ್ರಶ್ನೆ "ಯಾವ ವಂಕಿ?" ತಾಮ್ರ ಅಂಡಾಣು ಬಿಡುಗಡೆಯನ್ನು ತಡೆಯೋದೇ ಇಲ್ಲ. ತೆಗೆಯುವಾಗ ಉಜ್ಜಿ ಒಂದೆರಡು ದಿನ ಕಲೆ ಆಗಬಹುದು, ಆಮೇಲೆ ಮುಟ್ಟು ತನ್ನ ತಾರೀಖಿಗೇ ಬರಬೇಕು. ಹೆಚ್ಚು ಹೋಗ್ತಿದ್ದದ್ದು ತಾಮ್ರದಿಂದಲೇ ಆಗಿದ್ದರೆ ಒಂದೆರಡು ಮುಟ್ಟಿನಲ್ಲಿ ಇಳಿಯುತ್ತೆ. ಇಲ್ಲಿ "ಹಾರ್ಮೋನ್ ಹೊಂದಿಕೊಳ್ತಿದೆ" ಅನ್ನೋ ಮಾತಿಗೆ ಜಾಗವೇ ಇಲ್ಲ. ಕಾಪರ್ ಟಿ ತೆಗೆಸಿ ಮುಟ್ಟಿನ ನಡುನಡುವೆ ಬ್ಲೀಡಿಂಗ್ ಆಗ್ತಿದ್ದರೆ ಕಾರಣ ಬೇರೆ ಇದೆ, ಬೇಗ ಹುಡುಕಬೇಕು. ತೆಗೆದ ವಸ್ತುವನ್ನು ಟ್ರೇಗೆ ಎಸೆಯೋ ಮೊದಲು ನೋಡಿ: 380ಎ ಆದರೆ ಕಡ್ಡಿಗೆ ಸುತ್ತಿದ ತಂತಿ, ಎರಡೂ ತೋಳು, ಎರಡರ ಮೇಲೂ ತಾಮ್ರದ ಕೊಳವೆ. ಒಂದು ತೋಳು ಕಾಣದಿದ್ದರೆ ಮುರಿದು ಒಳಗೇ ಉಳಿದಿರಬಹುದು, ಸ್ಕ್ಯಾನ್‌ಗೆ ಕಳಿಸಬೇಕು.

ನಮ್ಮ ಹೆಂಗಸಿನ ಕಥೆ ಮುಗಿದಿಲ್ಲ. ಮೇ 10ಕ್ಕೆ ಮತ್ತೆ ಮುಟ್ಟು; ಇಪ್ಪತ್ತೊಂಬತ್ತು ದಿನ, ಅಂತರ ಸರಿಯಾಗಿದೆ. ಆದರೆ ದಿನಕ್ಕೆ ಎಂಟು ಪ್ಯಾಡ್. ಇದು ತೆಗೆಸಿದ್ದರ ದೋಷ ಅಲ್ಲ. ಐದು ವರ್ಷ ವಂಕಿ ಮುಚ್ಚಿಟ್ಟಿದ್ದ ಹಳೇ ಕಾಯಿಲೆ ಹೊರಗೆ ಬಂದಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನ್ ಮಾಡಿಸಿ ಗಡ್ಡೆ ಇದೆಯಾ ನೋಡಬೇಕು. ಪುನಃ ಹಾರ್ಮೋನ್ ವಂಕಿ ಹಾಕಿಸೋದೂ ಒಂದು ದಾರಿಯೇ.

ಚೀಟಿ ಬಂತು, ಐದು ನಿಮಿಷ ಅಂತೆ. ಸರಿ, ಓಡಿಸ್ತೀನಿ. ಜ್ವರ, ದುರ್ವಾಸನೆಯ ಸ್ರಾವ, ಕೆಳಹೊಟ್ಟೆ ನೋವು ಇದ್ದರೆ ಸೋಂಕು, ಅದೇ ದಿನ ತೋರಿಸಿ. ಗಂಟೆಗೊಂದು ಪ್ಯಾಡ್ ತುಂಬಿ ಎರಡು ಗಂಟೆ ಹಾಗೇ ನಡೆದರೆ ಆಸ್ಪತ್ರೆಗೆ. ನಲವತ್ತೈದು ದಾಟಿದವರಿಗೆ ಬ್ಲೀಡಿಂಗ್ ತಾರುಮಾರಾದರೆ ಮುಟ್ಟು ನಿಲ್ಲೋ ಕಾಲ ಅಂತ ನೀವೇ ತೀರ್ಮಾನಿಸಬೇಡಿ, ಒಳಪದರದ ಬಯಾಪ್ಸಿ ಬೇಕಾಗಬಹುದು. ಬ್ಲೀಡಿಂಗ್ ಕಡಿಮೆ ಮಾಡೋ ಟ್ರಾನೆಕ್ಸಾಮಿಕ್ ಮಾತ್ರೆ ಬಗ್ಗೆ ಕೇಳಬೇಕು ಅಂತಿದ್ದಿರಲ್ಲ? ರಕ್ತ ಹೆಪ್ಪುಗಟ್ಟಿದ ಕಾಯಿಲೆ ಇದ್ದವರಿಗೆ ಕೂಡದು, ಡಾಕ್ಟರ್ ಬರೆಯದೆ ಕೊಡಬೇಡಿ. ಉಳಿದದ್ದು ಊಟದ ಹೊತ್ತಿನಲ್ಲಿ ಕೇಳಿ, ಹೊರಗೆ ಇರ್ತೀನಿ.