ಒದ್ದೆ ಕೂದಲಿಗೆ ಬಿಸಿ ಪಟ್ಟಿ: ಸ್ಪ್ರೇ ಎಷ್ಟು ಕಾಯುತ್ತದೆ?

ಕೇಳುಗರಿಗೆ ನಮಸ್ಕಾರ.

ಕಳೆದ ಶ್ರಾವಣದಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗದ ನಮ್ಮ ಮನೆಗೆ ಬಂದ ಅಕ್ಕನ ಮಗಳು, ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿತ್ತಳು. ಒಳಗಿದ್ದದ್ದು ಬಾಚಣಿಗೆಗೆ ಸಿಕ್ಕಿಬಂದ ಕೂದಲು. "ನೋಡು ಚಿಕ್ಕಮ್ಮ, ಇದು ಉದುರಿದ್ದಲ್ಲ, ತುಂಡಾದದ್ದು" ಎಂದಳು. ಅವಳ ಮಾತು ಸರಿಯಾಗಿತ್ತು. ಬುಡದಿಂದ ಉದುರಿದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿಯ ಗಂಟಿರುತ್ತದೆ. ಇವುಗಳಲ್ಲಿ ಒಂದಕ್ಕೂ ಅದಿರಲಿಲ್ಲ. ನಾನು ಬಹುಕಾಲ ರಸಾಯನಶಾಸ್ತ್ರ ಕಲಿಸಿದವಳಾದ್ದರಿಂದ, ಸಸ್ಯಶಾಸ್ತ್ರದ ಗೆಳತಿಯೊಬ್ಬರ ಸೂಕ್ಷ್ಮದರ್ಶಕದ ಕೆಳಗೆ ಒಂದೆರಡು ಎಳೆಗಳನ್ನು ಇಟ್ಟು ನೋಡಿದೆ. ಕೂದಲಿನ ಒಳಗೆ ಅಲ್ಲಲ್ಲಿ ಗಾಳಿಗುಳ್ಳೆಗಳಿದ್ದವು. ಒಂದು ಎಳೆಯಂತೂ ಅಂಥ ಗುಳ್ಳೆಯಿದ್ದ ಜಾಗದಲ್ಲೇ ಮುರಿದಿತ್ತು.

ಅವಳಿಗೆ ಬೇಸರವಾದದ್ದು ಕೂದಲು ಹೋದದ್ದಕ್ಕಿಂತ ಹೆಚ್ಚಾಗಿ, ಕೂದಲನ್ನು ಎರಡು ಬಿಸಿ ಪಟ್ಟಿಗಳ ನಡುವೆ ಎಳೆದು ನೇರ ಮಾಡುವ ಸ್ಟ್ರೇಟ್ನರ್ ಹಿಡಿಯುವ ಮುನ್ನ ಪ್ರತಿಸಲವೂ ಹೀಟ್ ಪ್ರೊಟೆಕ್ಟಂಟ್ ಸ್ಪ್ರೇ ಹಾಕಿದ್ದರೂ ಹೀಗಾಯಿತಲ್ಲ ಎಂಬುದಕ್ಕೆ. ಬಾಟಲಿಯ ಮೇಲೆ 230 ಡಿಗ್ರಿಯವರೆಗೆ ರಕ್ಷಣೆ ಎಂದು ಬರೆದಿತ್ತು. ಆ ಮಾತನ್ನು ನಂಬಿ ಅವಳು ಸ್ಟ್ರೇಟ್ನರನ್ನು 230ಕ್ಕೇ ಇಟ್ಟಿದ್ದಳು. ಆ ಬಾಟಲಿಯೊಳಗಿನ ದ್ರವ ನಿಜಕ್ಕೂ ಏನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ಇಂದು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಹೊರಗೆ ಹಂಚಿನ ಮಾಡಿನಂತೆ ಒಂದರ ಮೇಲೊಂದು ಹೊದಿಸಿದ ತೆಳುವಾದ ಹೊರಪದರವಿದೆ, ಒಳಗೆ ಬಲ ಕೊಡುವ ತಿರುಳಿದೆ. ಒಣಗಿದ ಕೂದಲಿನ ತಿರುಳಿನಲ್ಲಿರುವ ಕೆರಾಟಿನ್ ಸುಮಾರು 220 ಡಿಗ್ರಿ ದಾಟಿದ ಮೇಲೆ ತನ್ನ ರಚನೆಯನ್ನು ಕಳೆದುಕೊಳ್ಳುತ್ತದೆ; ನೀರು ತುಂಬಿದ ಕೂದಲಿನಲ್ಲಿ ಅದೇ ಅನಾಹುತ 150 ಡಿಗ್ರಿಯ ಆಸುಪಾಸಿನಲ್ಲೇ ಆರಂಭವಾಗುತ್ತದೆ. ಅದಕ್ಕಿಂತಲೂ ಮೊದಲು ಇನ್ನೊಂದು ಸಂಗತಿ ನಡೆಯುತ್ತದೆ: ತಿರುಳಿನೊಳಗಿನ ನೀರು ಥಟ್ಟನೆ ಹಬೆಯಾಗಿ, ಹೊರಹೋಗಲು ದಾರಿ ಸಿಗದೆ, ಕೂದಲನ್ನು ಒಳಗಿನಿಂದಲೇ ಉಬ್ಬಿಸಿ ಗುಳ್ಳೆ ಮಾಡುತ್ತದೆ. ಒದ್ದೆ ಕೂದಲನ್ನು ಬಿಸಿ ಲೋಹಕ್ಕೆ ಒತ್ತಿ ಹಿಡಿದರೆ ಸುಮಾರು 125 ಡಿಗ್ರಿಯಲ್ಲೇ ಹೀಗಾಗಬಲ್ಲದು. ಸೂಕ್ಷ್ಮದರ್ಶಕದಲ್ಲಿ ನಾನು ಕಂಡದ್ದು ಇದನ್ನೇ.

ನಮ್ಮ ಮಲೆನಾಡಿನ ಮಳೆಗಾಲವನ್ನು ಇದರ ಜೊತೆಗೆ ಇಟ್ಟು ನೋಡಬೇಕು. ಬೇಸಿಗೆಯ ಒಣ ಹವೆಯಲ್ಲಿ ಕೂದಲು ತನ್ನ ತೂಕದ ಹತ್ತನೆಯ ಒಂದು ಪಾಲಿನಷ್ಟು ನೀರನ್ನು ಹಿಡಿದಿರುತ್ತದೆ. ಆಗುಂಬೆ, ತೀರ್ಥಹಳ್ಳಿಗಳ ಜುಲೈ, ಆಗಸ್ಟ್ ತಿಂಗಳ ತೇವದಲ್ಲಿ, ಸ್ನಾನವನ್ನೇ ಮಾಡದಿದ್ದರೂ ಅದು ಐದನೆಯ ಒಂದು ಪಾಲನ್ನು ಮುಟ್ಟಬಹುದು. ತಲೆಗೆ ನೀರು ಹಾಕಿಕೊಂಡ ದಿನವಂತೂ ಬೆಳಗಿನ ತಲೆ ಮಧ್ಯಾಹ್ನವಾದರೂ ಒಣಗುವುದಿಲ್ಲ, ಬಚ್ಚಲೊಲೆಯ ಮುಂದೆ ಕೂತರೂ ಅಷ್ಟೇ. ಮೇಲೆ ಮುಟ್ಟಿದರೆ ಒಣಗಿದಂತಿದ್ದು ಒಳಗೆ ತಣ್ಣಗಿರುವ ಇಂಥ ಕೂದಲಿಗೆ ನಮ್ಮ ಹುಡುಗಿ ನೀರೇ ಮುಖ್ಯ ಭಾಗವಾಗಿರುವ ಸ್ಪ್ರೇಯನ್ನು ಹತ್ತಾರು ಬಾರಿ ಒತ್ತಿ, ಆ ಕ್ಷಣವೇ ಸ್ಟ್ರೇಟ್ನರಿನಲ್ಲಿ ಹಿಡಿದಿದ್ದಳು. "ಚುಯ್ ಅಂತ ಸದ್ದು ಬರುತ್ತಿತ್ತು, ಹೊಗೆಯೂ ಬರುತ್ತಿತ್ತು, ಸ್ಪ್ರೇ ಕೆಲಸ ಮಾಡ್ತಿದೆ ಅಂದುಕೊಂಡೆ" ಎಂದಳು. ದೋಸೆಕಲ್ಲಿಗೆ ನೀರು ಚಿಮುಕಿಸಿದಾಗ ಬರುವ ಸದ್ದೂ ಅದೇ ತಾನೇ? ಕಾಯಬೇಕಾದ ಸ್ಪ್ರೇ ಇಲ್ಲಿ ಕೂದಲಿಗೆ ಇನ್ನಷ್ಟು ನೀರುಣಿಸಿ ಹಾನಿಗೆ ನೆರವಾಗಿತ್ತು.

ಹಾಗಾದರೆ ಸ್ಪ್ರೇ ಬರೀ ಮೋಸವೇ? ಅಲ್ಲ. ಅದರಲ್ಲಿ ಸಾಮಾನ್ಯವಾಗಿ ಡೈಮೆಥಿಕೋನ್ ಮೊದಲಾದ ಸಿಲಿಕೋನುಗಳು, ಕೆಲವು ಪಾಲಿಮರುಗಳು, ಕೆಲವೊಮ್ಮೆ ಗೋಧಿಯಿಂದ ತೆಗೆದ ಪ್ರೋಟೀನಿನ ಚೂರುಗಳು ಇರುತ್ತವೆ. ನೀರು ಆರಿದ ಮೇಲೆ ಇವು ಕೂದಲಿನ ಸುತ್ತ ತೆಳುವಾದ ಪೊರೆಯಾಗಿ ಉಳಿಯುತ್ತವೆ. ಸಿಲಿಕೋನ್ ನೀರಿನಷ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದಿಲ್ಲವಾದ್ದರಿಂದ ಬಿಸಿ ಒಳಗಿಳಿಯುವುದು ತುಸು ನಿಧಾನವಾಗುತ್ತದೆ. ಆದರೆ ಕೂದಲೇ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೂ ದಪ್ಪವಿಲ್ಲ, ಪೊರೆ ಅದಕ್ಕಿಂತ ಎಷ್ಟೋ ಪಾಲು ತೆಳು. ಬಟ್ಟೆಯ ಮಸಿಗುಡ್ಡೆ ಹಿಡಿದು ಬಿಸಿ ಪಾತ್ರೆ ಇಳಿಸುವ ಹಾಗೆ ಇದು ಶಾಖವನ್ನು ತಡೆಯುತ್ತದೆ ಎಂದು ಭಾವಿಸಬಾರದು. ಪಟ್ಟಿಯಲ್ಲಿ ಎರಡು ಮೂರು ಸೆಕೆಂಡು ಇದ್ದರೆ ಕೂದಲಿನ ಒಳಭಾಗವೂ ಪಟ್ಟಿಯ ಬಿಸಿಗೆ ಹತ್ತಿರವಾಗಿಯೇ ಬಿಡುತ್ತದೆ.

1998ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಪಾಲಿಮರುಗಳನ್ನು ಲೇಪಿಸಿದ ಕೂದಲಿನ ಜಡೆಗಳನ್ನು ಮತ್ತೆ ಮತ್ತೆ ಕಾಯಿಸಿ ಅಳೆದಾಗ, ಕೂದಲಿನ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ನಾಶವಾಗುವುದು ಸುಮಾರು 10ರಿಂದ 20 ಪ್ರತಿಶತ ಕಡಿಮೆಯಾದದ್ದು ಕಂಡುಬಂತು. ಅದನ್ನು ಲಾಭವಲ್ಲ ಎನ್ನುವಂತಿಲ್ಲ, ಕವಚ ಎನ್ನುವಂತೆಯೂ ಇಲ್ಲ. ನನ್ನ ಎಣಿಕೆಯಲ್ಲಿ ಸ್ಪ್ರೇಯ ದೊಡ್ಡ ಉಪಕಾರವಿರುವುದು ಬೇರೆ ಕಡೆ: ಪೊರೆಯಿಂದ ಕೂದಲು ಜಾರುತ್ತದೆ, ಬಾಚುವಾಗಲೂ ಪಟ್ಟಿ ಎಳೆಯುವಾಗಲೂ ಉಜ್ಜುವಿಕೆ ಕಡಿಮೆಯಾಗಿ, ಹೊರಪದರ ಎದ್ದು ಕಿತ್ತುಬರುವುದು ತಗ್ಗುತ್ತದೆ. 230 ಡಿಗ್ರಿ ಎಂಬ ಬರಹಕ್ಕೆ ಆ ಬಿಸಿಯಲ್ಲಿಯೂ ಸ್ವಲ್ಪ ಪ್ರಯೋಜನ ಉಂಟು ಎಂಬಷ್ಟೇ ಅರ್ಥ ಕೊಡಬೇಕು. ಆ ಬಿಸಿಯಲ್ಲಿ ಕೂದಲು ಕ್ಷೇಮ ಎಂದಲ್ಲ.

ನಾವು ಮಾಡಿದ ಬದಲಾವಣೆ ಹೀಗಿತ್ತು. ತಲೆ ಉಜ್ಜದೆ, ಹಳೆಯ ಹತ್ತಿಯ ಪಂಚೆಯಲ್ಲಿ ಒತ್ತಿ ನೀರನ್ನು ಹೀರಿಸಿದೆವು. ಕೂದಲು ಇನ್ನೂ ತೇವವಾಗಿರುವಾಗಲೇ ಸ್ಪ್ರೇ ಹಾಕಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯವರೆಗೆ ಎಳೆದೆವು. ಸ್ಪ್ರೇ ಒಂದೇ ಕಡೆ ತೊಟ್ಟಿಕ್ಕಿದರೆ ಪೊರೆ ಎಲ್ಲೆಡೆ ಕೂರುವುದಿಲ್ಲ. ಬಳಿಕ ಡ್ರೈಯರನ್ನು 15 ಸೆಂಟಿಮೀಟರ್, ಅಂದರೆ ಗೇಣಿಗಿಂತ ಕಡಿಮೆ ದೂರದಲ್ಲಿ ಹಿಡಿದು, ಒಂದೇ ಜಾಗಕ್ಕೆ ಗಾಳಿ ಬಿಡದೆ ಆಡಿಸುತ್ತ ಒಣಗಿಸಿದೆವು. ಈ ದೂರವನ್ನು ನಾನು ಸುಮ್ಮನೆ ಹೇಳುತ್ತಿಲ್ಲ. 2011ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನದಲ್ಲಿ ಈ ದೂರದಲ್ಲಿ ಕೂದಲಿಗೆ ತಗಲಿದ ಬಿಸಿ ಸುಮಾರು 47 ಡಿಗ್ರಿ. 5 ಸೆಂಟಿಮೀಟರಿಗೆ ತಂದಾಗ ಅದು 95ಕ್ಕೆ ಏರಿತ್ತು. ಡ್ರೈಯರ್ ಮುಟ್ಟದೆ ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ ಕೋಶಗಳನ್ನು ಅಂಟಿಸುವ ಒಳಪದರ ಉಬ್ಬಿ ಕೆಟ್ಟಿತ್ತು ಎಂಬುದು ಅದೇ ಅಧ್ಯಯನ ಕಂಡುಕೊಂಡ ಮತ್ತೊಂದು ಸಂಗತಿ. ದಿನವಿಡೀ ಒದ್ದೆ ತಲೆಯಲ್ಲಿರುವ ನಮ್ಮ ಕಡೆಯ ಹೆಂಗಸರು ಇದನ್ನು ಗಮನಿಸಬೇಕು.

ಪೂರ್ತಿ ಒಣಗಿತೇ ಎಂದು ತಿಳಿಯಲು ಒಂದು ತೆಳುವಾದ ಎಳೆಕಟ್ಟನ್ನು ಸ್ಟ್ರೇಟ್ನರಿನಲ್ಲಿ ಅರೆಕ್ಷಣ ಹಿಡಿದು ಬಿಡುವುದು. ಸದ್ದು ಅಥವಾ ಹಬೆ ಬಂದರೆ ಮರಳಿ ಡ್ರೈಯರಿಗೆ. ಅವಳ ಕೂದಲು ತೆಳು, ಹಾಗಾಗಿ 160 ಡಿಗ್ರಿ ಸಾಕಾಯಿತು, ಒಂದೇ ಸಲ ನಿಧಾನಕ್ಕೆ ಎಳೆದರೆ ಆಯಿತು. ಮೊದಲು ಒಂದೊಂದು ಕಟ್ಟನ್ನೂ ಮೂರು ನಾಲ್ಕು ಸಲ ಎಳೆಯುತ್ತಿದ್ದಳು. ಸ್ಪ್ರೇ ಬದಲು ಕೊಬ್ಬರಿ ಎಣ್ಣೆ ಹಚ್ಚಿದರೆ ಆಗದೇ ಎಂದು ಅಕ್ಕ ಕೇಳಿದಳು. ತೊಳೆಯುವ ಮುನ್ನ ಹಚ್ಚಲು ಅದು ಒಳ್ಳೆಯದೇ, ಆದರೆ ಗಾಣದ ಎಣ್ಣೆ ಸುಮಾರು 175 ಡಿಗ್ರಿಯಲ್ಲಿ ಹೊಗೆಯಾಡುತ್ತದೆ. ಬಿಸಿ ಪಟ್ಟಿಯ ಕೆಳಗೆ ಅದು ಬೇಡ.

ಇಷ್ಟಾದರೂ ಬಾಗಿಲು ದಾಟಿ ಮಳೆಗಾಳಿಗೆ ಬಂದೊಡನೆ ನೇರವಾದ ಕೂದಲು ಮತ್ತೆ ಸುರುಳಿಯಾಗುತ್ತಿತ್ತು. ಬಿಸಿಯಿಂದ ಕಳಚಿ ಹೊಸದಾಗಿ ಕೂಡಿ ಕೂದಲನ್ನು ನೇರವಾಗಿ ಹಿಡಿದಿಟ್ಟ ಹೈಡ್ರೋಜನ್ ಬಂಧಗಳನ್ನು ತೇವ ಮತ್ತೆ ಬಿಡಿಸುತ್ತದೆ, ಅದನ್ನು ಯಾವ ಸ್ಪ್ರೇಯೂ ಪೂರ್ತಿ ತಡೆಯಲಾರದು. ಮೊದಲು ಅವಳು ಇದಕ್ಕಾಗಿಯೇ ಸಂಜೆ ಮತ್ತೊಮ್ಮೆ ಸ್ಟ್ರೇಟ್ನರ್ ಹಿಡಿಯುತ್ತಿದ್ದಳಂತೆ. ಈಗ ಮಳೆ ಬಿಡುವವರೆಗೆ ಜಡೆ ಹೆಣೆದುಕೊಳ್ಳುತ್ತಾಳೆ. ಗುಳ್ಳೆ ಬಿದ್ದ ಭಾಗ ಸರಿಹೋಗುವಂಥದ್ದಲ್ಲವಾದ್ದರಿಂದ ಒಂದು ಗೇಣನ್ನು ಕತ್ತರಿಸಿದ್ದಾಯಿತು. ತಿಂಗಳಿಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ಅದು ಮರಳಿ ಬರಲು ಹತ್ತಿರ ಹತ್ತಿರ ಎರಡು ವರ್ಷ ಬೇಕು. ಬಾಟಲಿಯಲ್ಲಿ ಉಳಿದಿರುವ ಸ್ಪ್ರೇ ಡ್ರೈಯರ್ ಹಿಡಿಯುವ ದಿನಗಳಿಗೆ ಬಳಕೆಯಾಗುತ್ತಿದೆ.

ನಮಸ್ಕಾರ.