ಕತ್ತೆಗೂ ಕಟ್ಟೆಗೂ ಒಂದೇ ಸ್ಪೆಲ್ಲಿಂಗ್

ನಮಸ್ಕಾರ. ಕೈಯಲ್ಲಿ ಪೆನ್ನು ಇದ್ದರೆ ಐದು ಇಂಗ್ಲಿಷ್ ಅಕ್ಷರ ಬರೆದುಕೊಳ್ಳಿ. ಕೆ, ಎ, ಟಿ, ಟಿ, ಇ. ಈಗ ಓದಿ ನೋಡಿ. ದೇವಸ್ಥಾನದ ಎದುರಿನ ಅಶ್ವತ್ಥ ಕಟ್ಟೆ ಅಂತ ಓದಿದಿರಾ, ಇಲ್ಲ ಕತ್ತೆ ಅಂತಲಾ? ಎರಡೂ ಸರಿಯೇ. ತೊಂದರೆ ಇರುವುದೇ ಅಲ್ಲಿ.

ನಾವು ನಾಲ್ಕು ಜನ ಸೇರಿ ಕಾಸರಗೋಡಿನ ಹತ್ತಿರದ ಒಂದು ವಾಚನಾಲಯದ ಹಳೆಯ ಕಾಗದಪತ್ರಗಳಿಗೆ ಇಂಗ್ಲಿಷಿನಲ್ಲಿ ಪಟ್ಟಿ ಮಾಡುತ್ತಿದ್ದೇವೆ. ಜಾಗದ ಹಳೆಯ ಆಧಾರಪತ್ರಗಳು, ಕಾಗದಗಳು, ಯಕ್ಷಗಾನದ ಕರಪತ್ರಗಳು, ಸಭೆಯ ನಡಾವಳಿ ಪುಸ್ತಕಗಳು, ಹೀಗೆ ನಾನೂರು ಚಿಲ್ಲರೆ ಸಾಲು. ಇಂಗ್ಲಿಷ್ ಯಾಕೆ ಅಂದರೆ, ಇಲ್ಲಿ ಬರುವವರಲ್ಲಿ ಕನ್ನಡ ಓದುವವರು ಇದ್ದಾರೆ, ಮಲಯಾಳ ಮಾತ್ರ ಓದುವವರೂ ಇದ್ದಾರೆ. ಇಬ್ಬರಿಗೂ ಆಗುವ ಲಿಪಿ ಅದೊಂದೇ.

ಕೆಲಸ ಅರ್ಧ ಆದಾಗ ಒಬ್ಬರು ಬಂದು ಬದಿಯಡ್ಕಕ್ಕೆ ಸಂಬಂಧಪಟ್ಟ ಕಾಗದ ಎಷ್ಟಿವೆ ಅಂತ ಕೇಳಿದರು. ಕಂಪ್ಯೂಟರಿನಲ್ಲಿ ಹುಡುಕಿದೆವು, 23 ಅಂತ ಬಂತು. ಕೈಬರಹದ ನೋಟ್‌ಬುಕ್ ತೆಗೆದು ಎಣಿಸಿದರೆ 41. ಬಾಕಿ 18 ಎಲ್ಲಿ ಹೋದವು? ಎಲ್ಲಿಗೂ ಹೋಗಿರಲಿಲ್ಲ ಮಾರಾಯ್ರೆ. ನಾನು Badiadka ಅಂತ ಹೊಡೆದಿದ್ದೆ, ಇನ್ನೊಬ್ಬರು ಮಧ್ಯೆ ವೈ ಸೇರಿಸಿ Badiyadka, ಮತ್ತೊಬ್ಬರು ಯಾವುದೋ ಹಳೆಯ ದಾಖಲೆ ನೋಡಿ Bediadka. ಓದುವಾಗ ನಮ್ಮ ಕಣ್ಣು ಇದನ್ನೆಲ್ಲ ಗಮನಿಸುವುದೇ ಇಲ್ಲ. ಹುಡುಕುವ ಯಂತ್ರಕ್ಕೆ ಮಾತ್ರ ಇವು ಮೂರು ಬೇರೆ ಬೇರೆ ಊರು.

ಆ ಸಂಜೆಯೇ ಸ್ಟೈಲ್ ಶೀಟ್, ಅಂದರೆ ಯಾವುದನ್ನು ಹೇಗೆ ಬರೆಯಬೇಕು ಅಂತ ಎಲ್ಲರಿಗೂ ಒಂದೇ ಹಾಳೆ, ಮಾಡಲು ಕೂತೆವು. ಮೊದಲು ಮಾಡಿದ್ದು ತಪ್ಪು. ನಿಯಮ ಬರೆಯಲು ಶುರು ಮಾಡಿದ್ದೆವು, ಅ ಅಂದರೆ ಎ, ಆ ಅಂದರೆ ಎ ಎ, ಹೀಗೆ ಎರಡು ಪುಟ. ಮೂರನೇ ದಿನಕ್ಕೆ ಯಾರೂ ಅದನ್ನು ತೆರೆದು ನೋಡಲಿಲ್ಲ, ಯಾಕೆಂದರೆ ಕೆಲಸದ ಮಧ್ಯೆ ಇರುವವರಿಗೆ ನಿಯಮ ಬೇಡ, ಈ ಪದಕ್ಕೆ ಏನು ಹೊಡೆಯಬೇಕು ಅನ್ನುವುದಷ್ಟೇ ಬೇಕು. ಆಮೇಲೆ ಅದನ್ನು ಪದಗಳ ಪಟ್ಟಿಯಾಗಿ ತಿರುಗಿಸಿದೆವು. ನಾಲ್ಕು ಕಾಲಂ: ಕನ್ನಡ ಪದ, ನಮ್ಮ ಸ್ಪೆಲ್ಲಿಂಗ್, ಬೇಡದ ಸ್ಪೆಲ್ಲಿಂಗುಗಳು, ಮತ್ತೆ ಯಾಕೆ ಅನ್ನುವುದಕ್ಕೆ ಒಂದೇ ಸಾಲು.

ಬೇಡದ ಸ್ಪೆಲ್ಲಿಂಗಿನ ಕಾಲಂ ಸುಮ್ನೆ ಹಾಕಿದ್ದು ಅಂತ ಅನ್ನಿಸಬಹುದು. ನನ್ನ ಕೇಳಿದರೆ ಅದೇ ಎಲ್ಲಕ್ಕಿಂತ ಮುಖ್ಯ. Badiyadka ಅಂತ ಬರೆಯುವ ಅಭ್ಯಾಸ ಇರುವವರು ಪಟ್ಟಿಯಲ್ಲಿ ಹುಡುಕುವುದೂ ಅದನ್ನೇ ಅಲ್ವಾ? ಅದು ಅಲ್ಲಿ ಇಲ್ಲದಿದ್ದರೆ, ಪದವೇ ಪಟ್ಟಿಗೆ ಸೇರಿಲ್ಲ ಅಂದುಕೊಂಡು ತಮ್ಮದನ್ನೇ ಬರೆದು ಮುಂದೆ ಹೋಗುತ್ತಾರೆ.

ಇನ್ನು ದೊಡ್ಡ ಜಗಳ, ತ ಅಕ್ಷರದ್ದು. ನಮ್ಮ ತಂಡದಲ್ಲಿ ಇಬ್ಬರು ಮಂಗಳೂರಿನಲ್ಲಿ ಓದಿದವರು, ಅವರಿಗೆ ತ ಅಂದರೆ ಟಿ. ಇನ್ನಿಬ್ಬರು ಇಲ್ಲೇ ಓದಿದವರು, ಅವರಿಗೆ ತ ಅಂದರೆ ಟಿ ಎಚ್, ಬರೀ ಟಿ ಅಂದರೆ ಟ. ಕೇರಳದಲ್ಲಿ ನಡೆದು ಬಂದ ಪದ್ಧತಿ ಇದು. ಪುತ್ತಿಗೆ ಪಂಚಾಯತಿನ ಹೆಸರೇ Puthige. ಕೇರಳದ ಪದ್ಧತಿಗೆ ಒಂದು ಲಾಭ ಇದೆ, ಅದನ್ನು ಒಪ್ಪಲೇಬೇಕು. ಕಟ್ಟೆ katte ಆಗುತ್ತದೆ, ಕತ್ತೆ katthe ಆಗುತ್ತದೆ, ಎರಡೂ ಬೇರೆಯಾಗಿಯೇ ಉಳಿಯುತ್ತವೆ. ದನದ ಹಟ್ಟಿ ಮತ್ತು ಅರಳೆಯ ಹತ್ತಿಯೂ ಹಾಗೆಯೇ. ಆದರೆ ಆಗ ಥ ಅಕ್ಷರಕ್ಕೆ ಏನು ಮಾಡುವುದು? ತುಳು ಅನ್ನುವುದನ್ನು Thulu ಅಂತ ಬರೆಯಬೇಕಾಗುತ್ತದೆ, ಇಂಗ್ಲಿಷಿನಲ್ಲಿ Tulu ಅಂತ ಎಂದೋ ನಿಂತುಬಿಟ್ಟಿದೆ. ಅದೂ ಅಲ್ಲದೆ, ಟಿ ಎಚ್ ಹಾಕಿದರೂ ಹಳ್ಳಿ ಮತ್ತು ಹಲ್ಲಿ ಎರಡೂ halli ಆಗಿಯೇ ಉಳಿಯುತ್ತವೆ. ಒಂದು ತೂತು ಮುಚ್ಚಿದರೆ ಇನ್ನೊಂದು.

ಎಲ್ಲವನ್ನೂ ಮುಚ್ಚುವ ಪದ್ಧತಿ ಇಲ್ಲ ಅಂತಲ್ಲ. ಐಎಸ್‌ಒ 15919 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, 2001ರದ್ದು. ಅದರಲ್ಲಿ ಟ ಅಕ್ಷರಕ್ಕೆ ಟಿ ಕೆಳಗೆ ಒಂದು ಚುಕ್ಕಿ, ಳ ಅಕ್ಷರಕ್ಕೆ ಎಲ್ ಕೆಳಗೆ ಚುಕ್ಕಿ, ದೀರ್ಘಕ್ಕೆ ಮೇಲೆ ಗೆರೆ. kaṭṭe ಅಂದರೆ ಕಟ್ಟೆ, katte ಅಂದರೆ ಕತ್ತೆ, ಗೊಂದಲವೇ ಇಲ್ಲ. ನಾಲ್ಕು ದಿನ ಮಾಡಿ ನೋಡಿದೆವು. ಕೀಬೋರ್ಡಿನಲ್ಲಿ ಚುಕ್ಕಿ ಹೊಡೆಯುವುದು ಒಂದು ಕಷ್ಟ. ಅದಕ್ಕಿಂತ ಜಾಸ್ತಿ ಕಾಡಿದ್ದು, ಆ ಚುಕ್ಕಿ ಟಿ ಕಂಪ್ಯೂಟರಿನೊಳಗೆ ಎರಡು ರೀತಿಯಲ್ಲಿ ಕೂರುತ್ತದೆ ಅನ್ನುವುದು. ಒಂದರಲ್ಲಿ ಇಡೀ ಅಕ್ಷರವೇ ಒಂದು ಸಂಕೇತ, ಇನ್ನೊಂದರಲ್ಲಿ ಟಿ ಬೇರೆ ಚುಕ್ಕಿ ಬೇರೆ. ಕಣ್ಣಿಗೆ ಒಂದೇ ತರಹ ಕಾಣುತ್ತದೆ, ಆದರೆ ನಮ್ಮ ಹುಡುಕಾಟದಲ್ಲಿ ಒಂದು ಸಿಕ್ಕಿದರೆ ಇನ್ನೊಂದು ಸಿಗುತ್ತಿರಲಿಲ್ಲ. ಯಾವ ರೋಗಕ್ಕೆ ಔಷಧ ಹುಡುಕುತ್ತಿದ್ದೆವೋ ಅದೇ ರೋಗ ಮತ್ತೆ ಬಂತು. ಹಾಗಾಗಿ ಆ ಪದ್ಧತಿಯನ್ನು ಅಚ್ಚಾದ ಪುಸ್ತಕಗಳ ಶೀರ್ಷಿಕೆಯ ಕಾಲಂಗೆ ಮಾತ್ರ ಇಟ್ಟುಕೊಂಡೆವು.

ಕೊನೆಗೆ ಒಪ್ಪಿದ್ದು ಹೀಗೆ. ಮನುಷ್ಯರ ಹೆಸರಾದರೆ ಅವರು ತಾವೇ ಹೇಗೆ ಬರೆಯುತ್ತಾರೋ, ಅಥವಾ ಅವರ ಬಗ್ಗೆ ಬರೆದವರಲ್ಲಿ ಯಾವುದು ರೂಢಿಯಾಗಿದೆಯೋ ಹಾಗೆ. ಊರಾದರೆ ಪಂಚಾಯತ್ ಬರೆಯುವ ಹಾಗೆ, ಅದಕ್ಕೇ Puthige. ಇಂಗ್ಲಿಷ್ ನಿಘಂಟಿಗೆ ಸೇರಿದ ಪದವಾದರೆ ನಿಘಂಟಿನ ಹಾಗೆ, ಪೂಜೆ ಅಂದರೆ puja. ಈ ಮೂರರಲ್ಲೂ ಬಾರದ ಪದಕ್ಕೆ ಮಾತ್ರ ನಮ್ಮ ನಿಯಮ, ಅಲ್ಲಿ ತ ಕೂಡ ಟಿ, ಟ ಕೂಡ ಟಿ. ನಾನು ಟಿ ಎಚ್ ಪಕ್ಷದವನು, ಸೋತೆ. ಆದರೆ ಸೋಲುವಾಗ ಒಂದು ಶರತ್ತು ಹಾಕಿದೆ: ಇಂತಹ ಪದ ಒಂದು ಕಡತದಲ್ಲಿ ಮೊದಲ ಸಲ ಬಂದಾಗ ಪಕ್ಕದಲ್ಲಿ ಕನ್ನಡ ಲಿಪಿಯಲ್ಲೂ ಇರಬೇಕು. katte, ಪಕ್ಕದಲ್ಲಿ ಕಂಸದೊಳಗೆ ಕಟ್ಟೆ. ಚುಕ್ಕಿಗಳಿಗಿಂತ ಇದು ಸುಲಭ, ಕತ್ತೆಯೂ ದೂರ ಉಳಿಯಿತು.

ಈ ಕ್ರಮ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಹೆಸರು ನೋಡೋಣ, ಕವಿ ಕಯ್ಯಾರ ಕಿಞ್ಞಣ್ಣ ರೈ. ಬದಿಯಡ್ಕದ ಕಡೆಯವರೇ. ಅಲ್ಲಿ ಞ ಅಕ್ಷರದ ಒತ್ತು ಇದೆ. ಅಕ್ಷರ ನೋಡಿ ಬರೆಯಲು ಹೋದ ನಮ್ಮ ಹುಡುಗಿಯೊಬ್ಬಳು Kinnanna ಅಂತ ಹೊಡೆದಳು. ಅದನ್ನು ತಿರುಗಿ ಓದಿದರೆ ಕಿನ್ನನ್ನ. ರೂಢಿಯಲ್ಲಿ ಇರುವುದು Kinhanna, ಎನ್ ಆದ ಮೇಲೆ ಎಚ್. ಕರ್ನಾಟಕದ ಒಳಗಿನವರಿಗೆ ಈ ಎಚ್ ವಿಚಿತ್ರ ಅನ್ನಿಸಬಹುದು. ನಮಗೆ ಹೊಸತಲ್ಲ. ಕಾಞಂಗಾಡಿನ ಬೋರ್ಡು Kanhangad, ಕುಞ್ಞಿ ಅನ್ನುವ ಹೆಸರಿನವರೆಲ್ಲ ಬರೆಯುವುದು Kunhi. ಹಾಗಾಗಿ ಪಟ್ಟಿಯಲ್ಲಿ ಞ್ಞ ಎದುರು ಎನ್ ಎಚ್ ಅಂತ ಬರೆದು ಮುಗಿಸಿದೆವು, ಚರ್ಚೆ ಎರಡು ನಿಮಿಷವೂ ಆಗಲಿಲ್ಲ.

ಹೊಸದುರ್ಗ ಇನ್ನೊಂದು. ನಮ್ಮ ಜಿಲ್ಲೆಯ ತಾಲೂಕು Hosdurg. ಚಿತ್ರದುರ್ಗ ಜಿಲ್ಲೆಯದ್ದು Hosadurga. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಬೇರೆ ಮಾಡಿ ಹೇಳುವುದು ಇಂಗ್ಲಿಷ್ ಸ್ಪೆಲ್ಲಿಂಗೇ. ಇಲ್ಲಿ ಯಾರಾದರೂ ಉಚ್ಚಾರ ಸರಿ ಮಾಡುತ್ತೇನೆ ಅಂತ ಎರಡು ಎ ಸೇರಿಸಿದರೆ ಕಾಗದ ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆಗೆ ಹೋಗಿ ಕೂತ ಹಾಗೆ.

ಪಟ್ಟಿ ಆಯಿತು, ಹಳೆಯ ಸಾಲುಗಳನ್ನು ಸರಿ ಮಾಡಬೇಕು. ಇಲ್ಲಿ ನಾನೇ ಎಡವಿದ್ದು. ಆದೂರು ಅನ್ನುವುದಕ್ಕೆ Adhur ಅಂತ ನಿರ್ಧಾರ ಆಗಿತ್ತು, ಯಾಕೆಂದರೆ Adoor ಅಂದರೆ ಪತ್ತನಂತಿಟ್ಟ ಜಿಲ್ಲೆಯ ಊರು. ನಾನು ಉತ್ಸಾಹದಲ್ಲಿ Adoor ಇದ್ದಲ್ಲೆಲ್ಲ Adhur ಮಾಡು ಅಂತ ಒಂದೇ ಏಟಿಗೆ ಬದಲಾಯಿಸಿಬಿಟ್ಟೆ. ಪಟ್ಟಿಯಲ್ಲಿ ಸಿನಿಮಾ ಪ್ರದರ್ಶನದ ಒಂದು ಕರಪತ್ರ ಇತ್ತು. ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ನಮ್ಮ ಆದೂರಿನವರಾದರು! ಜೊತೆಯವರು ನೋಡಿ, "ಎಂತ ಮಾರಾಯ, ಅವರಿಗೆ ಇಲ್ಲಿ ರೇಷನ್ ಕಾರ್ಡೂ ಮಾಡಿಸಿದ್ದೀಯಾ?" ಅಂತ ಕೇಳಿದರು. ಅಂದಿನಿಂದ ಒಟ್ಟಿಗೆ ಬದಲಾಯಿಸುವುದಿಲ್ಲ, ಒಂದೊಂದನ್ನೇ ನೋಡಿ ಹೂಂ ಅನ್ನುತ್ತೇವೆ. ಅಚ್ಚಾದ ಶೀರ್ಷಿಕೆ ಮತ್ತು ಸಂಸ್ಥೆಯ ಹೆಸರನ್ನು ಮುಟ್ಟುವುದೇ ಇಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಮಂಗಳೂರು Mangaluru ಆಯಿತು, ನಾವೂ ಹಾಗೇ ಬರೆಯುತ್ತೇವೆ, ಆದರೆ ವಿಶ್ವವಿದ್ಯಾನಿಲಯ Mangalore University ಆಗಿಯೇ ಇರುತ್ತದೆ, 1930ರ ಪತ್ರದಲ್ಲಿ South Canara ಇದ್ದರೆ ಅದೂ ಹಾಗೇ.

ತಾರೀಕಿನ ವಿಷಯ ಸ್ವಲ್ಪ. ನಾವು ದಿನ, ತಿಂಗಳು, ವರ್ಷ ಅಂತ ಓರೆ ಗೆರೆ ಹಾಕಿ ಬರೆಯುತ್ತೇವೆ. ನಮ್ಮಲ್ಲಿ ಒಬ್ಬರ ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗಿನಲ್ಲಿತ್ತು. 03/04/1956 ಅಂತ ಹೊಡೆದರೆ ಅದು ಮಾರ್ಚ್ 4 ಅಂತ ತಿಳಿದುಕೊಂಡಿತು, ಒಂದು ಮಾತೂ ಹೇಳಲಿಲ್ಲ. 15/08/1947 ಅಂದಾಗ ಹದಿನೈದನೇ ತಿಂಗಳು ಇಲ್ಲವಲ್ಲ, ಅದನ್ನು ತಾರೀಕು ಅಂತ ಒಪ್ಪದೆ ಬರೀ ಅಕ್ಷರ ಅಂತ ಇಟ್ಟುಕೊಂಡಿತು. ಹಿಡಿಯುವುದು ಸುಲಭ: ಎಕ್ಸೆಲ್‌ನಲ್ಲಿ ತಾರೀಕು ಬಲಕ್ಕೆ ಸರಿದು ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡ ಕೆಲವು ಬಲ ಕಂಡರೆ, ಬಲಕ್ಕೆ ನಿಂತವುಗಳ ಮೇಲೆ ಸಂಶಯ ಪಡಿ. ಅಲ್ಲೇ ತಿಂಗಳು ದಿನ ಅದಲು ಬದಲಾಗಿರುವುದು.

ಈಗ ಪಟ್ಟಿಯಲ್ಲಿ 1956-04-03, ವರ್ಷ ಮೊದಲು, ಮತ್ತು ಆ ಕಾಲಂ ಪೂರ್ತಿ ಅಕ್ಷರ ಅಂತಲೇ ಹೊಂದಿಸಿಟ್ಟಿದ್ದೇವೆ. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ತಾರೀಕು ತಾರೀಕೇ ಅಲ್ಲ, ನಮ್ಮಲ್ಲಿ 1890ರ ಆಸುಪಾಸಿನ ಪತ್ರಗಳಿವೆ. ತಿಂಗಳು ಮಾತ್ರ ಗೊತ್ತಿದ್ದರೆ 1956-04 ಅಂತ ನಿಲ್ಲಿಸುತ್ತೇವೆ, ದಿನ ಊಹಿಸುವುದಿಲ್ಲ. ವಾಕ್ಯದೊಳಗೆ ಬಂದರೆ 3 April 1956, ತಿಂಗಳು ಅಕ್ಷರದಲ್ಲಿ. ಸಂವತ್ಸರದ ಹೆಸರೋ, ಮಲಯಾಳದ ಕೊಲ್ಲವರ್ಷವೋ, ತುಳುವಿನ ಪಗ್ಗು ತಿಂಗಳೋ ಇದ್ದರೆ ಅದು ಇದ್ದ ಹಾಗೆಯೇ ಇನ್ನೊಂದು ಕಾಲಂಗೆ. ಇಂಗ್ಲಿಷ್ ತಾರೀಕಿಗೆ ಹೊಂದಿಸುವ ಕೆಲಸ ಬೇರೆಯವರದ್ದು, ಪಂಚಾಂಗ ಗೊತ್ತಿದ್ದವರದ್ದು.

ಪಟ್ಟಿ ಈಗ ಇನ್ನೂರು ಪದ ದಾಟಿದೆ. ಹೊಸ ಪದ ಬಂದರೆ ಯಾರು ಬೇಕಾದರೂ ಸೇರಿಸಬಹುದು, ಆದರೆ ನಮ್ಮ ಸ್ಪೆಲ್ಲಿಂಗ್ ಅನ್ನುವ ಕಾಲಂ ತುಂಬುವುದು ಶನಿವಾರ ನಾಲ್ವರೂ ಕೂತಾಗ. ಮೂರು ಶನಿವಾರದಿಂದ ಒಂದು ಸಾಲು ಖಾಲಿ ಉಳಿದಿದೆ. ಭೂತ. bhuta ಅಂತ ಇಬ್ಬರು, bhoota ಅಂತ ಒಬ್ಬರು. ನಾಲ್ಕನೆಯವರು ತುಳುವರು, ನಮ್ಮ ಬಾಯಲ್ಲಿ ಅದು ಬೂತ, ಬಿ ಆದ ಮೇಲೆ ಎಚ್ ಎಲ್ಲಿಂದ ಬಂತು ಅಂತ ಕೇಳುತ್ತಿದ್ದಾರೆ. ಬೇಡದ ಸ್ಪೆಲ್ಲಿಂಗಿನ ಕಾಲಂನಲ್ಲಿ ಸದ್ಯಕ್ಕೆ ಮೂರೂ ಇವೆ. ನಮಸ್ಕಾರ.