ಲೀಸೋ, ಖರೀದಿಯೋ: ತೆರಿಗೆ ಕಳೆದ ಮೇಲೆ ಉಳಿಯುವ ಲೆಕ್ಕ
(ತುಮಕೂರಿನಲ್ಲಿ ಸಣ್ಣ ಉದ್ಯಮಿಗಳು, ಲೆಕ್ಕಿಗರು ಮತ್ತು ವಾಣಿಜ್ಯ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಂತರಸನಹಳ್ಳಿ, ವಸಂತನರಸಾಪುರದ ಕಡೆಯಿಂದ ಬಂದವರಿದ್ದೀರಿ, ಅಂಗಡಿ ನಡೆಸುವವರಿದ್ದೀರಿ, ಬಿ.ಕಾಂ. ಓದುತ್ತಿರುವ ಮಕ್ಕಳಿದ್ದೀರಿ. ಸವಕಳಿ, ಇಂದಿನ ಮೌಲ್ಯ, ಕಂತು ಇವೆಲ್ಲ ನಿಮಗೆ ಗೊತ್ತು. ಹಾಗಾಗಿ ಪೀಠಿಕೆ ಬಿಟ್ಟು ನೇರ ಲೆಕ್ಕಕ್ಕೇ ಬರುತ್ತೇನೆ. ಈ ಲೆಕ್ಕವನ್ನು ತಪ್ಪು ಬಡ್ಡಿ ದರದಲ್ಲಿ ಹಾಕುವುದು ಎಷ್ಟು ಸಾಮಾನ್ಯವಾಗಿದೆ ಎಂದರೆ, ಅದನ್ನು ಹೇಳಲೇಬೇಕು ಎಂದು ನಾನು ಬಂದಿರುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಣ್ಣ ತಮ್ಮ ಇಬ್ಬರು ಪಾಲುದಾರರಾಗಿ ಬಿ.ಎಚ್. ರಸ್ತೆಯ ಬದಿಯಲ್ಲಿ ಕಲ್ಯಾಣ ಮಂಟಪ ನಡೆಸುತ್ತಿದ್ದಾರೆ. ಮುಹೂರ್ತದ ಹೊತ್ತಿಗೆ ಕರೆಂಟ್ ಹೋದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಬೀಗರ ಕಡೆಯವರು ಬೆಸ್ಕಾಂಗೆ ಬೈಯುವುದಿಲ್ಲ, ಮಂಟಪದವರಿಗೇ ಬೈಯುತ್ತಾರೆ. ಹಳೆಯ ಜನರೇಟರ್ ಕೈಕೊಟ್ಟಿದೆ, ಹೊಸದು ಬೇಕು. ಜಿಎಸ್‌ಟಿ ಬಿಟ್ಟು ಬೆಲೆ 20 ಲಕ್ಷ. ಬ್ಯಾಂಕಿನವರು ಶೇ 11.6 ಬಡ್ಡಿಗೆ ಐದು ವರ್ಷದ ಸಾಲ ಕೊಡುತ್ತೇವೆ ಎನ್ನುತ್ತಾರೆ. ತಿಂಗಳ ಕಂತು ಸುಮಾರು 44,100 ರೂಪಾಯಿ. ಇನ್ನೊಂದು ಕಡೆ ಲೀಸ್ ಕಂಪನಿಯವನು ಬರುತ್ತಾನೆ: "ತಿಂಗಳಿಗೆ 40,000 ಕೊಡಿ, ಐದು ವರ್ಷ ಆದಮೇಲೆ ಜನರೇಟರ್ ನಾವೇ ತೆಗೆದುಕೊಂಡು ಹೋಗುತ್ತೇವೆ."

ತಮ್ಮನಿಗೆ ಖುಷಿ. "ಅಣ್ಣಾ, ತಿಂಗಳಿಗೆ ನಾಲ್ಕು ಸಾವಿರ ಉಳೀತು ನೋಡು. ಮೇಲಾಗಿ ಬಾಡಿಗೆ ಪೂರ್ತಿ ಖರ್ಚಿಗೆ ಹಾಕಬಹುದಂತೆ, ಸಾಲದಲ್ಲಿ ಬಡ್ಡಿ ಮಾತ್ರ ತಾನೆ?" ಅಣ್ಣ ಯೋಚಿಸಿ ಹೇಳುತ್ತಾನೆ: "ಐದು ವರ್ಷ ಆದಮೇಲೆ ನಮ್ಮ ಹತ್ತಿರ ಏನಿರುತ್ತಪ್ಪ?" ಈ ಇಬ್ಬರ ಮಾತಿನಲ್ಲೂ ನಿಜವಿದೆ. ತಮ್ಮ ತೆರಿಗೆಯನ್ನು ನೋಡಿದ, ಸವಕಳಿಯನ್ನು ಮರೆತ. ಅಣ್ಣ ಕೊನೆಯಲ್ಲಿ ಉಳಿಯುವ ಯಂತ್ರವನ್ನು ನೋಡಿದ, ಅದಕ್ಕೆ ಇವತ್ತಿನ ಬೆಲೆ ಎಷ್ಟು ಎಂದು ಕಟ್ಟಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದೇ ನಮ್ಮ ಕೆಲಸ.

ತಕ್ಕಡಿಯ ಕಲ್ಲು ಯಾವುದು? ತೆರಿಗೆ ಕಳೆದ ಸಾಲದ ದರ. ಪಾಲುದಾರಿಕೆ ಸಂಸ್ಥೆಗೆ ಆದಾಯ ತೆರಿಗೆ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2. 20 ಲಕ್ಷ ಸಾಲಕ್ಕೆ ಮೊದಲ ವರ್ಷ 2.32 ಲಕ್ಷ ಬಡ್ಡಿ ಎಂದುಕೊಳ್ಳಿ. ಆ ಬಡ್ಡಿ ಖರ್ಚಾಗಿ ಹೋಗುವುದರಿಂದ ತೆರಿಗೆಯಲ್ಲಿ ಸುಮಾರು 72,000 ಉಳಿಯುತ್ತದೆ. ಜೇಬಿನಿಂದ ನಿಜವಾಗಿ ಹೋದದ್ದು 1.60 ಲಕ್ಷ. ಅಂದರೆ ಶೇ 8. ಬ್ಯಾಂಕಿನ ಪತ್ರದಲ್ಲಿ 11.6 ಎಂದಿದ್ದರೂ ಈ ಅಣ್ಣತಮ್ಮಂದಿರ ಪಾಲಿಗೆ ಸಾಲದ ಬೆಲೆ 8.

ಲೀಸ್‌ಗೆ ಸಾಲದ ದರ ಯಾಕೆ ಎಂದು ಕೇಳಬಹುದು. ಲೀಸ್ ಒಪ್ಪಂದಕ್ಕೆ ಸಹಿ ಹಾಕಿದರೆ ಮದುವೆ ಸೀಸನ್ ಇರಲಿ, ಆಷಾಢ ಇರಲಿ, ತಿಂಗಳಿಗೆ 40,000 ಕಟ್ಟಲೇಬೇಕು. ಅದು ಸಾಲದಷ್ಟೇ ಗಟ್ಟಿಯಾದ ಹೊಣೆ. ಹಾಗಾಗಿ ಲೀಸ್ ನಿಲ್ಲುವುದು ಸಾಲದ ಎದುರು. "ಸ್ವಂತ ದುಡ್ಡಿದೆ, ಸಾಲವೇ ಬೇಡ" ಎನ್ನುವವರಿಗೂ ಇದೇ ಮಾತು. ಲೀಸ್ ಮಾಡಿದರೆ ಸಾಲ ಪಡೆಯುವ ನಿಮ್ಮ ಶಕ್ತಿ ಅಷ್ಟರಮಟ್ಟಿಗೆ ಖರ್ಚಾಯಿತು.

ಈಗ ಲೆಕ್ಕ. ಸರಳವಾಗಲಿ ಎಂದು ಬಾಡಿಗೆಯನ್ನು ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವಂತೆ ಇಟ್ಟುಕೊಂಡಿದ್ದೇನೆ. ವರ್ಷಕ್ಕೆ 4.8 ಲಕ್ಷ. ಪೂರ್ತಿ ಬಾಡಿಗೆ ಖರ್ಚಾಗುತ್ತದೆ, ಆದ್ದರಿಂದ ತೆರಿಗೆ ಕಳೆದು 3.30 ಲಕ್ಷ. ಐದು ವರ್ಷ, ಶೇ 8ರಲ್ಲಿ ಇಂದಿನ ಮೌಲ್ಯ ಸುಮಾರು 13.19 ಲಕ್ಷ. ಲೀಸ್ ಕಾಲಂ ಇಷ್ಟೇ.

ಖರೀದಿ ಕಾಲಂನಲ್ಲಿ ಮೊದಲು 20 ಲಕ್ಷ ಬರೆಯಿರಿ. ಜನರೇಟರ್‌ಗೆ ಆದಾಯ ತೆರಿಗೆಯಲ್ಲಿ ಶೇ 15 ಸವಕಳಿ, ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ. ಮೊದಲ ವರ್ಷ 3 ಲಕ್ಷ, ಎರಡನೆಯ ವರ್ಷ 2.55 ಲಕ್ಷ, ಹೀಗೆ ಇಳಿಯುತ್ತಾ ಹೋಗುತ್ತದೆ. ಅದರಿಂದ ಉಳಿಯುವ ತೆರಿಗೆಯ ಇಂದಿನ ಮೌಲ್ಯ ಐದು ವರ್ಷಕ್ಕೆ 2.84 ಲಕ್ಷ. ಆಮೇಲೆ ಜನರೇಟರ್ ಮಾರುತ್ತೀರಿ, 8 ಲಕ್ಷ ಬಂತು ಎಂದುಕೊಳ್ಳೋಣ. ಅದರ ಇಂದಿನ ಮೌಲ್ಯ 5.44 ಲಕ್ಷ. ಪುಸ್ತಕದಲ್ಲಿ ಆಗ 8.87 ಲಕ್ಷ ಉಳಿದಿರುತ್ತದೆ. 8 ಲಕ್ಷ ಕಳೆದು ಮಿಕ್ಕ 87,000 ನಷ್ಟವಾಗಿ ಒಂದೇ ಸಲಕ್ಕೆ ಬರುವುದಿಲ್ಲ. ಒಂದೇ ಸವಕಳಿ ದರದ ಯಂತ್ರಗಳನ್ನೆಲ್ಲ ತೆರಿಗೆ ಲೆಕ್ಕದಲ್ಲಿ ಒಂದೇ ಗುಂಪಾಗಿ, ಅಂದರೆ ಬ್ಲಾಕ್ ಆಗಿ ನೋಡುತ್ತಾರೆ; ಆ ಬ್ಲಾಕ್‌ನಲ್ಲಿ ಬೇರೆ ಯಂತ್ರಗಳಿರುವವರೆಗೆ ಅದು ಅಲ್ಲೇ ಕೂತು ವರ್ಷ ವರ್ಷ ಸವೆಯುತ್ತದೆ. ಅದರ ಲಾಭ ಇವತ್ತಿನ ಬೆಲೆಯಲ್ಲಿ 12,000 ಅಷ್ಟೇ. ಎಲ್ಲ ಕಳೆದರೆ ಖರೀದಿಯ ನಿಜವಾದ ವೆಚ್ಚ 11.60 ಲಕ್ಷ.

ಲೀಸ್ 13.19, ಖರೀದಿ 11.60. ತಿಂಗಳಿಗೆ ನಾಲ್ಕು ಸಾವಿರ ಉಳಿತಾಯ ಎಂದು ಕಂಡದ್ದು ನಿಜದಲ್ಲಿ 1.59 ಲಕ್ಷ ದುಬಾರಿ.

ಖರೀದಿ ಕಾಲಂನಲ್ಲಿ ಬಡ್ಡಿ ಎಲ್ಲಿ, ಕಂತು ಎಲ್ಲಿ ಎಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಎರಡನ್ನೂ ಬರೆಯಲೇಬಾರದು. ಬಡ್ಡಿಯೂ ಅದರ ತೆರಿಗೆ ಲಾಭವೂ ಆ ಶೇ 8 ಎಂಬ ದರದೊಳಗೇ ಸೇರಿವೆ. ಕಂತುಗಳಿಂದ ಬಡ್ಡಿಯ ತೆರಿಗೆ ಉಳಿತಾಯ ಕಳೆದು, ತೆರಿಗೆ ಕಳೆದ ದರದಲ್ಲೇ ಇಂದಿನ ಮೌಲ್ಯಕ್ಕೆ ತಂದರೆ ಸರಿಯಾಗಿ 20 ಲಕ್ಷವೇ ಬರುತ್ತದೆ. ಮಕ್ಕಳು ಮನೆಗೆ ಹೋಗಿ ಎಕ್ಸೆಲ್‌ನಲ್ಲಿ ಹಾಕಿ ನೋಡಿ. ಬಡ್ಡಿಯ ತೆರಿಗೆ ಲಾಭವನ್ನು ಕಾಲಂನಲ್ಲೂ ಕಳೆದು, ದರದಲ್ಲೂ ಕಳೆದರೆ ಒಂದೇ ಲಾಭವನ್ನು ಎರಡು ಸಲ ಎಣಿಸಿದ ಹಾಗೆ.

ಈಗ ನಾನು ಬಂದ ಮುಖ್ಯ ವಿಷಯ. ಇದೇ ಜನರೇಟರ್, ಇದೇ ಬಾಡಿಗೆ, ಇದೇ 8 ಲಕ್ಷ. ದರ ಮಾತ್ರ ತೆರಿಗೆ ಕಳೆಯದ 11.6 ಹಾಕಿ. ಲೀಸ್ 12.02 ಲಕ್ಷಕ್ಕೆ ಇಳಿಯುತ್ತದೆ, ಖರೀದಿ 12.67 ಲಕ್ಷಕ್ಕೆ ಏರುತ್ತದೆ. ಲೀಸ್ 65,000 ಅಗ್ಗ ಎಂದು ತೋರಿಸುತ್ತದೆ! ಒಂದು ಅಂಕಿ ಬದಲಾದದ್ದಕ್ಕೆ ತೀರ್ಮಾನವೇ ತಲೆಕೆಳಗಾಯಿತು.

ಕಾರಣ ಇಷ್ಟೆ. ಖರೀದಿಯ 20 ಲಕ್ಷ ಇವತ್ತೇ ಹೋಗುತ್ತದೆ, ಯಾವ ದರವೂ ಅದನ್ನು ಮುಟ್ಟುವುದಿಲ್ಲ. ಲೀಸ್‌ನ ಬಾಡಿಗೆಯೆಲ್ಲ ಮುಂದೆ ಹೋಗುವ ಹಣ. ಸವಕಳಿ ಲಾಭ, ಮಾರಿದ ದುಡ್ಡು ಇವು ಮುಂದೆ ನಿಮಗೆ ಬರುವ ಹಣ. ದರ ಜಾಸ್ತಿ ಮಾಡಿದರೆ ಮುಂದೆ ಕೊಡಬೇಕಾದದ್ದೂ ಹಗುರ, ಮುಂದೆ ಬರಬೇಕಾದದ್ದೂ ಹಗುರ. ಎರಡೂ ಕಡೆ ಲೀಸ್‌ಗೇ ಅನುಕೂಲ. ಹಾಗಾಗಿ ಯಾರಾದರೂ ಲೆಕ್ಕದ ಹಾಳೆ ತಂದು ಮುಂದಿಟ್ಟರೆ ಮೊದಲು ಕೆಳಗಿನ ಮೊತ್ತ ನೋಡಬೇಡಿ. ದರ ಎಷ್ಟು ಹಾಕಿದ್ದಾರೆ ನೋಡಿ. ಬಾಡಿಗೆಯನ್ನು ತೆರಿಗೆ ಕಳೆದು ಬರೆದು, ದರವನ್ನು ತೆರಿಗೆ ಕಳೆಯದೆ ಹಾಕಿದ್ದರೆ ಆ ಹಾಳೆ ನಂಬುವಂಥದ್ದಲ್ಲ.

ಇನ್ನು ಮರುಮಾರಾಟ. 8 ಲಕ್ಷ ಎಂದು ನಾನು ಇಟ್ಟುಕೊಂಡೆ. ಅದು 5 ಲಕ್ಷದ ಸುಮಾರಿಗೆ ಇಳಿದರೆ ಎರಡೂ ಸಮ. ಅದಕ್ಕಿಂತ ಕೆಳಗೆ ಹೋದರೆ ಲೀಸ್ ಗೆಲ್ಲುತ್ತದೆ. ಆದ್ದರಿಂದ ಲೆಕ್ಕ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ: "ಐದು ವರ್ಷದ ಮೇಲೆ ಇದಕ್ಕೆ 5 ಲಕ್ಷ ಬರುತ್ತದೆಯೇ?" ಹಳೆಯ ಜನರೇಟರ್ ಕೊಳ್ಳುವವನು ಮೊದಲು ನೋಡುವುದು ಪ್ಯಾನೆಲ್ ಮೇಲಿನ ಗಂಟೆ ಮೀಟರ್. ಆಮೇಲೆ ಸರ್ವಿಸ್ ಪುಸ್ತಕ ಕೇಳುತ್ತಾನೆ, ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡುತ್ತಾನೆ, ಲೋಡ್ ಕೊಟ್ಟು ವೋಲ್ಟೇಜ್ ನಿಲ್ಲುತ್ತದೆಯೇ ನೋಡುತ್ತಾನೆ. ಮದುವೆ ದಿನಗಳಲ್ಲಷ್ಟೇ ಓಡುವ ಮಂಟಪದ ಯಂತ್ರಕ್ಕೂ, ದಿನಾ ಓಡುವ ಐಸ್ ಫ್ಯಾಕ್ಟರಿಯ ಯಂತ್ರಕ್ಕೂ ಒಂದೇ ಬೆಲೆ ಸಿಗುವುದಿಲ್ಲ. ಅಣ್ಣತಮ್ಮಂದಿರಿಗೆ ಕೊಳ್ಳುವುದು ಸರಿ. ಐಸ್ ಫ್ಯಾಕ್ಟರಿಯವರು ಇನ್ನೊಮ್ಮೆ ಯೋಚಿಸಬೇಕು.

ಸರ್ಕಾರದ ನಿಯಮವೂ ಬೆಲೆಯನ್ನು ಅಲುಗಾಡಿಸುತ್ತದೆ. 2023ರ ಜುಲೈನಲ್ಲಿ ಡೀಸೆಲ್ ಜನರೇಟರ್‌ಗಳಿಗೆ ಸಿಪಿಸಿಬಿ ನಾಲ್ಕು ಪ್ಲಸ್ ಎಂಬ ಹೊಸ ಹೊಗೆ ಮಾನದಂಡ ಬಂತು. ಇಂಥ ಬದಲಾವಣೆ ಬಂದಾಗ ಹಳೆಯ ಯಂತ್ರ ಕೈಯಲ್ಲಿದ್ದವರು ಅದರ ಬೆಲೆಯ ಅನಿಶ್ಚಿತತೆಯನ್ನೂ ಹೊರಬೇಕು. ಲೀಸ್‌ನಲ್ಲಿ ಆ ಭಯ ಯಂತ್ರದ ಮಾಲೀಕನದು. ಲೀಸ್‌ಗೆ ಹೆಚ್ಚು ಕೊಡುವ 1.59 ಲಕ್ಷವನ್ನು ಆ ಭಯ ದಾಟಿಸಲು ಕೊಟ್ಟ ದುಡ್ಡು ಎಂದು ನೋಡಿ, ಅಷ್ಟು ಕೊಡಬೇಕೋ ಬೇಡವೋ ತೀರ್ಮಾನಿಸಿ.

ಸಮಯ ಆಗುತ್ತಿದೆ ಎಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಈ ಲೆಕ್ಕ ನಡೆಯುವುದು ನೀವು ತೆರಿಗೆ ಕಟ್ಟುತ್ತಿದ್ದರೆ ಮಾತ್ರ. ವಹಿವಾಟಿನ ಶೇಕಡಾವಾರು ಲಾಭ ಎಂದು ಅಂದಾಜು ಆದಾಯ ತೋರಿಸುವವರಿಗೆ ಬಡ್ಡಿ, ಸವಕಳಿ, ಬಾಡಿಗೆ ಯಾವುದೂ ಪ್ರತ್ಯೇಕವಾಗಿ ಕಳೆಯಲು ಸಿಗುವುದಿಲ್ಲ. ಅವರು ಪೂರ್ತಿ ಬಾಡಿಗೆಯನ್ನೇ 11.6ರಲ್ಲಿ ಲೆಕ್ಕ ಹಾಕಬೇಕು. ವರ್ಷ ವರ್ಷ ನಷ್ಟದಲ್ಲಿರುವವರಿಗೂ ತೆರಿಗೆ ಲಾಭ ತಕ್ಷಣ ಕೈಗೆ ಬರುವುದಿಲ್ಲ. ಯಂತ್ರವನ್ನು ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಮೊದಲ ವರ್ಷ ಅರ್ಧ ಸವಕಳಿ ಮಾತ್ರ. ಮಾರ್ಚ್ ಕೊನೆಯಲ್ಲಿ ತಂದು 3 ಲಕ್ಷ ಬರೆಯಬೇಡಿ, ಅದು ಒಂದೂವರೆ.

ಜಿಎಸ್‌ಟಿ ಹೂಡುವಳಿ ತೆರಿಗೆಯಾಗಿ ವಾಪಸ್ ಸಿಗುವವರು ಎರಡೂ ಕಾಲಂನಿಂದ ಅದನ್ನು ಬಿಡಿ. ವಾಪಸ್ ಪಡೆದ ಜಿಎಸ್‌ಟಿ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಸಿಗದವರು ಎರಡೂ ಕಡೆ ಸೇರಿಸಿ.

ಕೊನೆಯದಾಗಿ, ಒಪ್ಪಂದದ ಪತ್ರ. ಮೂರು ತಿಂಗಳ ಬಾಡಿಗೆ 1.2 ಲಕ್ಷ ಬಡ್ಡಿಯಿಲ್ಲದ ಠೇವಣಿ ಎಂದಿದ್ದರೆ, ಐದು ವರ್ಷ ಬಿಟ್ಟು ವಾಪಸ್ ಬಂದರೂ ಇವತ್ತಿನ ಬೆಲೆಯಲ್ಲಿ 38,000 ಹೋಯಿತು. ಲೀಸ್ ಕಾಲಂಗೆ ಅದನ್ನು ಕೂಡಿಸಿ. ಬಾಡಿಗೆ ತಿಂಗಳ ಮೊದಲಿಗೋ ಕೊನೆಗೋ, ರಿಪೇರಿ ಯಾರದು, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ನೋಡಿ. ಅವಧಿ ಮುಗಿದ ಮೇಲೆ ಯಂತ್ರ ನಾಮಕಾವಸ್ತೆ ಬೆಲೆಗೆ ನಿಮ್ಮದಾಗುತ್ತದೆ ಎಂದು ಬರೆದಿದ್ದರೆ ಆ ಪುಟದಲ್ಲೇ ನಿಂತುಬಿಡಿ. ತೆರಿಗೆ ಅಧಿಕಾರಿ ಅದನ್ನು ಲೀಸ್ ಎನ್ನದೆ ಹೈರ್ ಪರ್ಚೇಸ್ ಎಂದು ನೋಡಬಹುದು. ಆಗ ಪೂರ್ತಿ ಬಾಡಿಗೆ ಖರ್ಚಾಗುವುದಿಲ್ಲ, ಅದರಲ್ಲಿನ ಬಡ್ಡಿಯ ಪಾಲು ಮತ್ತು ಸವಕಳಿ ಮಾತ್ರ ಸಿಗುತ್ತದೆ, ಮತ್ತು ನಾವು ಲೀಸ್ ಕಾಲಂನಲ್ಲಿ ಬರೆದ 3.30 ಲಕ್ಷವನ್ನೇ ತಿದ್ದಬೇಕಾಗುತ್ತದೆ. ಸಹಿ ಹಾಕುವ ಮುಂಚೆ ಆ ಷರತ್ತನ್ನು ನಿಮ್ಮ ಲೆಕ್ಕ ಪರಿಶೋಧಕರಿಗೆ ತೋರಿಸಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.